ಬೆಳೆಯಬಾರದಿದ್ದ ತಪ್ಪು

ಭೌತಶಾಸ್ತ್ರದ ಮೇಡಂಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅವರು ಪ್ರಯೋಗಾಲಯದ ಬಾಗಿಲಿಗೆ ಬಂದರೆ ಸಾಕು, ಒಳಗಿದ್ದವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಆದರೆ ಕಾರಣವಿಲ್ಲದೆ ಅವರು ಯಾರನ್ನೂ ಬೈದವರಲ್ಲ. ಅವರ ಕೋಪಕ್ಕೆಲ್ಲ ಒಂದೇ ಮೂಲ, ಕಳ್ಳ ಅಂಕಿ.

ಹಿಂದಿನ ಅವಧಿಯಲ್ಲಿ ಲೋಲಕದ ಪ್ರಯೋಗ ಕೊಟ್ಟಿದ್ದರು. ದಾರಕ್ಕೆ ಕಟ್ಟಿದ ಗುಂಡನ್ನು ತೂಗಲು ಬಿಟ್ಟು, ಸ್ಟಾಪ್‌ವಾಚ್ ಒತ್ತಿ, ಇಪ್ಪತ್ತು ತೂಗಾಟಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯುವುದು. ಇಡೀ ತರಗತಿ ಐದೈದು ಸಲ ಅಳೆದು ತಂದಿತ್ತು. ಯಾರ ಹಾಳೆ ನೋಡಿದರೂ ಐದು ಅಂಕಿಗಳೂ ಒಂದೇ ತಾಯಿಯ ಮಕ್ಕಳ ಹಾಗೆ. ವ್ಯತ್ಯಾಸವಿದ್ದರೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಮಾತ್ರ. ವಾಚು ನೂರನೇ ಭಾಗದವರೆಗೆ ತೋರಿಸುತ್ತದೆ ನಿಜ, ಆದರೆ ಅದನ್ನು ಒತ್ತುವ ಬೆರಳು ಮನುಷ್ಯನದು. ಕಣ್ಣು ನೋಡಿ, ಬೆರಳು ಒತ್ತುವಷ್ಟರಲ್ಲಿ ಒಮ್ಮೆ ಮುಂಚೆ, ಒಮ್ಮೆ ತಡ. ಹತ್ತನೇ ಒಂದು ಸೆಕೆಂಡಾದರೂ ಅತ್ತಿತ್ತ ಆಗಿಯೇ ಆಗುತ್ತದೆ. ಮೇಡಂ ಅಷ್ಟೂ ಹಾಳೆಗಳನ್ನು ತರಗತಿಯ ಮುಂದೆಯೇ ಹರಿದು ಹಾಕಿದ್ದರು. ಒಂದೇ ಥರದ ಅಂಕಿ ತಂದವರೆಲ್ಲ ಸುಳ್ಳುಗಾರರು ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದರು.

ಈ ಅವಧಿಯಲ್ಲಿ ಪ್ರಯೋಗವನ್ನೇ ತಿರುಗಿಸಿದರು. ದಾರದ ಉದ್ದ ಎಲ್ಲರಿಗೂ ಒಂದೇ, ಒಂದು ಮೀಟರು. ಹಾಗಿದ್ದರೆ ಒಂದು ತೂಗಾಟಕ್ಕೆ ಎರಡು ಸೆಕೆಂಡಿಗೆ ಕೂದಲೆಳೆಯಷ್ಟು ಹೆಚ್ಚು. ಉತ್ತರ ಎಲ್ಲರಿಗೂ ಗೊತ್ತಿರುವುದರಿಂದ ಅದು ಬೇಡ. ಐದು ತೂಗಾಟಕ್ಕೆ, ಹತ್ತಕ್ಕೆ, ಇಪ್ಪತ್ತಕ್ಕೆ, ನಲವತ್ತಕ್ಕೆ ಹಲವು ಸಲ ಅಳೆಯಿರಿ, ನಿಮ್ಮ ಅಳತೆ ಎಷ್ಟು ಹರಡುತ್ತದೆ ನೋಡಿ, ಅದರ ಮೇಲೆ ವರದಿ ಬರೆಯಿರಿ ಅಂದರು. ಈ ಸಲ ನೀವು ಅಳೆಯಬೇಕಾದ್ದು ಲೋಲಕವನ್ನಲ್ಲ, ನಿಮ್ಮ ಕೈಯನ್ನು ಅಂತ ಒತ್ತಿ ಹೇಳಿದರು.

ವರದಿಗೆ ಬಹುಮಾನವೂ ಇತ್ತು. ದೊಡ್ಡ ಸಂಶೋಧನಾ ಸಂಸ್ಥೆಯೊಂದು ರಜೆಯಲ್ಲಿ ನಡೆಸುವ ಶಿಬಿರಕ್ಕೆ ಪ್ರತಿ ಕಾಲೇಜಿನಿಂದ ಒಂದೇ ಒಂದು ವರದಿ, ಒಬ್ಬರೇ ವಿದ್ಯಾರ್ಥಿ. ಅಲ್ಲಿ ಹೋಗಿ ಬಂದವರಿಗೆ ಮುಂದಿನ ಓದಿಗೆ ದಾರಿ ಸಲೀಸು. ಆ ವರದಿಯನ್ನು ಆರಿಸುವ ಕೆಲಸ ಮೇಡಂದೇ.

ಆರಿಸಿದ್ದು ತಮ್ಮ ತಂಗಿಯ ಮಗನದನ್ನು.

ಅವನು ಹೈಸ್ಕೂಲಿನಿಂದ ಮೇಡಂ ಮನೆಯಲ್ಲೇ ಬೆಳೆದವನು. ತಂಗಿಗೆ ವರ್ಷಕ್ಕೊಂದು ಊರಿಗೆ ವರ್ಗವಾಗುವ ನೌಕರಿ. ಹುಡುಗನ ಓದು ಕೆಡಬಾರದು ಅಂತ ಅಕ್ಕನ ಹತ್ತಿರ ಬಿಟ್ಟಿದ್ದಳು. ಬಂದಾಗ ಗಿಡ್ಡವಾಗಿದ್ದನಲ್ಲ, ಮನೆಯಲ್ಲಿ 'ಕುಳ್ಳ' ಅಂತ ಹೆಸರು ಬಿತ್ತು. ಈಗ ಬಾಗಿಲಿನ ಚೌಕಟ್ಟಿಗೆ ತಲೆ ತಾಗುತ್ತದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಮೇಡಂಗೆ ಮಕ್ಕಳಿರಲಿಲ್ಲ. ಅವನು ಕಾಲೇಜಿನಲ್ಲಿ ಮೇಡಂ ಅನ್ನುತ್ತಿದ್ದ, ಮನೆಯಲ್ಲಿ ದೊಡ್ಡಮ್ಮ ಅನ್ನುತ್ತಿದ್ದ, ಎರಡನ್ನೂ ಎಂದೂ ಬೆರೆಸುತ್ತಿರಲಿಲ್ಲ.

ಅವನ ವರದಿಯ ಮೊದಲ ಪುಟ ನೋಡಿಯೇ ಮೇಡಂ ಮುಖ ಅರಳಿತ್ತು. ಐದು ತೂಗಾಟದ ಅಂಕಿಗಳು ಒಂದು ಸಲ ಹತ್ತು ಸೆಕೆಂಡಿಗೆ ಸ್ವಲ್ಪ ಕಮ್ಮಿ, ಒಂದು ಸಲ ಸ್ವಲ್ಪ ಜಾಸ್ತಿ, ಹತ್ತನೇ ಒಂದು ಸೆಕೆಂಡಿನ ಸುತ್ತಮುತ್ತ ಹರಡಿದ್ದವು. ಇದು ನಿಜವಾದ ಕೈ ಅಂದುಕೊಂಡರು. ಆಮೇಲೆ ಕೊನೆಯ ಪುಟ ತಿರುಗಿಸಿದರು. ಸರಾಸರಿ ಉತ್ತರ ಸರಿಯಾಗಿತ್ತು. ನಡುವಿನ ಪುಟಗಳ ಮೇಲೆ ಕಣ್ಣು ಹಾಯಿಸಿದರು, ಅಷ್ಟೇ. ಸ್ವಂತ ಹುಡುಗ ಅನ್ನುವ ಮಾತು ಬರಬಾರದು ಅಂತ ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟು, ನೀವೂ ಒಮ್ಮೆ ನೋಡಿ ಅಂದರು. ಅವರು ನೋಡದೆ ಸಹಿ ಹಾಕಿ ಕಳಿಸಿಬಿಟ್ಟರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಬೇರೆ ಮಾತು. ಮೇಡಂ ಮರುದಿನ ತರಗತಿಯಲ್ಲಿ ಎರಡು ಹಾಳೆ ಎತ್ತಿ ಹಿಡಿದರು. ಒಂದು ತಂಗಿಯ ಮಗನದು, ಹೀಗೆ ಅಳೆಯಬೇಕು ಅನ್ನುವುದಕ್ಕೆ. ಇನ್ನೊಂದು ಹಿಂದಿನ ಬೆಂಚಿನ ಹುಡುಗಿಯದು. ಸಣ್ಣ ಮೈಕಟ್ಟು, ಸಣ್ಣ ದನಿ. ಎಲ್ಲರೂ ಅವಳನ್ನು ಗುಬ್ಬಿ ಅನ್ನುತ್ತಿದ್ದರು. ಇಪ್ಪತ್ತು ತೂಗಾಟದ ಸಾಲಿನಲ್ಲಿ ಅವಳ ಒಂದು ಅಂಕಿ ಉಳಿದವಕ್ಕಿಂತ ಸರಿಯಾಗಿ ಎರಡು ಸೆಕೆಂಡು ಕಮ್ಮಿ ಇತ್ತು. ಗುಂಡು ಹೊರಡುವಾಗ ಸೊನ್ನೆ ಅನ್ನುವ ಬದಲು ಒಂದು ಅಂದಿದ್ದಾಳೆ, ಇಪ್ಪತ್ತು ಅಂತ ನಿಲ್ಲಿಸಿದಾಗ ಆಗಿದ್ದು ಹತ್ತೊಂಬತ್ತೇ. ಅದನ್ನು ಹೊಡೆದು ಹಾಕದೆ ಹಾಗೆಯೇ ಉಳಿಸಿ, ಪಕ್ಕದಲ್ಲಿ 'ಎಣಿಕೆ ತಪ್ಪಿರಬಹುದು' ಅಂತ ಬರೆದಿದ್ದಳು.

"ಪದವಿ ತರಗತಿಗೆ ಬಂದು ಇಪ್ಪತ್ತರವರೆಗೆ ಎಣಿಸೋಕೆ ಬರಲ್ಲ," ಅಂದರು ಮೇಡಂ. "ಅಂಗನವಾಡಿಗೆ ಕಳಿಸಬೇಕು ನಿನ್ನ."

ತರಗತಿ ನಕ್ಕಿತು. ಗುಬ್ಬಿ ತಲೆ ತಗ್ಗಿಸಲಿಲ್ಲ. ಹಾಳೆಯನ್ನು ಇಸಿದುಕೊಂಡು ಹೋಗಿ ಕೂತಳು.

ಒಂದಷ್ಟು ದಿನ ಬಿಟ್ಟು ಅವಳು ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಎರಡು ವರದಿ, ತನ್ನದು ಮತ್ತು ಎಲ್ಲರೂ ನೋಡಿ ಕಲಿಯಲಿ ಅಂತ ಮೇಡಮ್ಮೇ ಗೋಡೆಗೆ ಅಂಟಿಸಿದ್ದ ತಂಗಿಯ ಮಗನ ವರದಿಯ ಪ್ರತಿ. ಮೇಡಂ ಆಗ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಏನು ಅಂತ ಕತ್ತೆತ್ತದೆ ಕೇಳಿದರು.

ಒಂದು ಅನುಮಾನ ಇದೆ ಅಂದಳು ಗುಬ್ಬಿ. ತನ್ನ ಅಳತೆಯಲ್ಲಿ ಐದು ತೂಗಾಟಕ್ಕೆ ಎಷ್ಟು ಹರಡಿದೆಯೋ ನಲವತ್ತಕ್ಕೂ ಹೆಚ್ಚುಕಮ್ಮಿ ಅಷ್ಟೇ ಹರಡಿದೆ. ಅವನದರಲ್ಲಿ ಐದಕ್ಕೆ ಇಷ್ಟೇ ಇಷ್ಟು, ಹತ್ತಕ್ಕೆ ಎರಡರಷ್ಟು, ನಲವತ್ತಕ್ಕೆ ಎಂಟರಷ್ಟು. ಸರಿಯಾಗಿರುವುದು ಅವನದು ಅಂತ ನೀವು ಹೇಳಿದ್ದೀರಿ. ಹಾಗಾದರೆ ನಾನು ಎಲ್ಲಿ ತಪ್ಪಿದೆ?

ಮೇಡಂಗೆ ರೇಗಿತು. ಇಷ್ಟು ಸಣ್ಣ ವಿಷಯಕ್ಕೆ ಕೆಲಸ ಕೆಡಿಸಲು ಬಂದಳಲ್ಲ ಅಂತ.

"ನಿನ್ನದು ಬೆಳೆಯಲ್ಲಮ್ಮ, ಯಾಕೆ ಬೆಳೀಬೇಕು?" ಅಂದರು. "ಕೈ ತಪ್ಪೋದು ಎರಡೇ ಸಲ. ಶುರು ಮಾಡುವಾಗ ಒಂದು ಸಲ, ನಿಲ್ಲಿಸುವಾಗ ಒಂದು ಸಲ. ನಡುವೆ ಗುಂಡು ಐದು ಸಲ ತೂಗಲಿ, ನಲವತ್ತು ಸಲ ತೂಗಲಿ, ನಿನ್ನ ಬೆರಳಿಗೆ ಅಲ್ಲೇನು ಕೆಲಸ? ಅದಕ್ಕೇ ಜಾಸ್ತಿ ತೂಗಾಟ ತಗೊಳ್ಳೋದು. ಅದೇ ತಪ್ಪು ನಲವತ್ತು ಪಾಲಾಗುತ್ತೆ, ಒಂದೊಂದು ತೂಗಾಟದ ಪಾಲಿಗೆ ಏನೂ ಉಳಿಯಲ್ಲ. ಬೆಳೀತಾ ಹೋದ್ರೆ ನಲವತ್ತು ಎಣಿಸಿ ಏನು..."

ಮಾತು ಅಲ್ಲೇ ನಿಂತಿತು. ಕೈಯಲ್ಲಿದ್ದ ಕೆಂಪು ಪೆನ್ನು ಪತ್ರಿಕೆಯ ಮೇಲೆ ಒಂದು ಚುಕ್ಕೆ ಇಟ್ಟು, ಚುಕ್ಕೆ ಹರಡುತ್ತ ಹೋಯಿತು.

ಗುಬ್ಬಿ ಅವರ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿದ್ದೇ ಬಂದಿದ್ದಳೋ, ಗೊತ್ತಿಲ್ಲದೆ ಬಂದಿದ್ದಳೋ, ಮೇಡಂಗೆ ಕೊನೆಯವರೆಗೂ ತಿಳಿಯಲಿಲ್ಲ. ಎರಡೂ ವರದಿ ಇಲ್ಲೇ ಇರಲಿ, ನೀನು ಹೋಗು ಅಂದರು.

ಅವಳು ಹೋದ ಮೇಲೆ ತಂಗಿಯ ಮಗನ ವರದಿಯ ನಡುವಿನ ಪುಟ ತೆಗೆದರು. ನಲವತ್ತು ತೂಗಾಟಕ್ಕೆ ಸುಮಾರು ಎಂಬತ್ತು ಸೆಕೆಂಡು ಹಿಡಿಯಬೇಕು. ಅವನು ಬರೆದಿದ್ದ ಅಂಕಿಗಳು ಎಪ್ಪತ್ತೊಂಬತ್ತೂವರೆಯಿಂದ ಎಂಬತ್ತೊಂದರವರೆಗೆ ಹರಡಿದ್ದವು. ಮುಕ್ಕಾಲು ಸೆಕೆಂಡು ಅತ್ತ, ಮುಕ್ಕಾಲು ಸೆಕೆಂಡು ಇತ್ತ. ಅಷ್ಟು ತಡವಾಗಿ ಒತ್ತಲು ಮನುಷ್ಯ ನಿದ್ದೆಯಲ್ಲಿರಬೇಕು. ಒಂದೊಂದು ಸಾಲಿಗೂ ಲೆಕ್ಕ ಹಾಕಿದರು. ಎಲ್ಲ ಕಡೆಯೂ ಅದೇ, ನೂರಕ್ಕೆ ಒಂದರಷ್ಟು. ಕೈಯಿಂದ ಬಂದ ತಪ್ಪು ಕಾಲದ ಜೊತೆ ಬೆಳೆಯುವುದಿಲ್ಲ. ಸರಿ ಉತ್ತರ ಇಟ್ಟುಕೊಂಡು ನೂರಕ್ಕೊಂದು ಪಾಲು ಕೂಡಿ ಕಳೆದರೆ ಮಾತ್ರ ಹೀಗೆ ಬೆಳೆಯುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಹೆರದೆ ಸಾಕಿದವರಿಗೂ ಅದೇ ಗತಿ ಅಂತ ಮೇಡಂಗೆ ಅನ್ನಿಸಿತು.

ಸಂಜೆ ಎಲ್ಲರೂ ಹೋದ ಮೇಲೆ ಹುಡುಗನನ್ನು ಪ್ರಯೋಗಾಲಯಕ್ಕೆ ಕರೆಸಿದರು. ಬಾಗಿಲು ಮುಂದೆ ಮಾಡಿದರು. ಫ್ಯಾನು ನಿಲ್ಲಿಸಿದರು, ಗಾಳಿಗೆ ಗುಂಡು ಅಲುಗಿತು ಅನ್ನುವ ಮಾತು ಬರಬಾರದು ಅಂತ. ಸ್ಟ್ಯಾಂಡಿಗೆ ಲೋಲಕ ಸಿಕ್ಕಿಸಿ, ಗುಂಡು ನಡುವೆ ಹಾದು ಹೋಗುವ ಜಾಗದ ಹಿಂದೆ ರಟ್ಟಿನ ಮೇಲೆ ಒಂದು ಗೆರೆ ಎಳೆದು ನಿಲ್ಲಿಸಿದರು. ಗುಂಡು ಅತಿ ಜೋರಾಗಿ ಹೋಗುವುದು ಅಲ್ಲೇ, ಹಾಗಾಗಿ ಅಲ್ಲಿ ಒತ್ತಿದರೆ ತಪ್ಪು ಕಮ್ಮಿ. ಸ್ಟಾಪ್‌ವಾಚ್ ಅವನ ಕೈಗಿಟ್ಟು, ಐದು ತೂಗಾಟ ಐದು ಸಲ, ಆಮೇಲೆ ನಲವತ್ತು ಐದು ಸಲ ಅಳೆ ಅಂದರು. ವಾಚಿನ ಮುಖ ಮೇಜಿನ ಕಡೆ ತಿರುಗಿಸಿ ಹಿಡಿಯಬೇಕು, ಓದುವುದು ತಾನು.

ಏನಾಗಿದೆ ಅಂತ ಅವನಿಗೆ ಆಗಲೇ ಅರ್ಥವಾಗಿತ್ತು. ಆದರೂ ಅಳೆದ. ಐದರದು ಬೇಗ ಮುಗಿಯಿತು. ನಲವತ್ತರದು ಒಂದೊಂದಕ್ಕೂ ಒಂದು ನಿಮಿಷದ ಮೇಲೆ. ಅಷ್ಟು ಹೊತ್ತೂ ಇಬ್ಬರ ನಡುವೆ ಅವನು ಬಾಯೊಳಗೇ ಎಣಿಸುವ ಪಿಸುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಗುಂಡು ಗೆರೆ ದಾಟುವುದು, ಹೋಗುವುದು, ಬರುವುದು. ಮೇಡಂ ಪ್ರತಿ ಸಲವೂ ವಾಚು ಇಸಿದುಕೊಂಡು ಬೋರ್ಡಿನ ಮೇಲೆ ಬರೆದರು.

ಐದರ ಸಾಲಿನಲ್ಲಿ ಅತಿ ಕಡಿಮೆಗೂ ಅತಿ ಹೆಚ್ಚಿಗೂ ಸೆಕೆಂಡಿನ ನೂರರಲ್ಲಿ ಹದಿನಾಲ್ಕು ಭಾಗದ ವ್ಯತ್ಯಾಸ. ನಲವತ್ತರ ಸಾಲಿನಲ್ಲಿ ಹತ್ತೊಂಬತ್ತು. ಹೆಚ್ಚುಕಮ್ಮಿ ಒಂದೇ.

"ಎಲ್ಲಿ ಹೋಯ್ತು ನಿನ್ನ ಮುಕ್ಕಾಲು ಸೆಕೆಂಡು?" ಅಂದರು ಮೇಡಂ.

ಅವನು ಇನ್ನೂ ತೂಗುತ್ತಿದ್ದ ಗುಂಡನ್ನು ಕೈಯಿಂದ ಹಿಡಿದು ನಿಲ್ಲಿಸಿದ.

"ಕೇಳ್ತಿದೀನಿ."

"ಕಂಪ್ಯೂಟರಲ್ಲಿ ಮಾಡ್ದೆ," ಅಂದ. "ಸರಿ ಉತ್ತರ ಹಾಕಿ, ನೂರಕ್ಕೊಂದರಷ್ಟು ಅಡ್ಡಾದಿಡ್ಡಿ ಬೆರೆಸು ಅಂತ ಕೊಟ್ಟೆ. ಒಂದು ಚಣ ಹಿಡೀತು."

ಮೇಡಂ ಕೈಯಲ್ಲಿದ್ದ ಡಸ್ಟರು ಗೋಡೆಗೆ ಬಡಿದು ಬಿತ್ತು. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಅಂದರು. ಉಂಡ ಮನೆಗೆ ಎರಡು ಬಗೆದೆ ಅಂದರು. ಇಡೀ ಕಾಲೇಜಿನ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆ ಅಂದರು. ಹೋದ ಸಲದ ಹುಡುಗರು ಚಾಪೆ ಕೆಳಗೆ ತೂರಿದರೆ ನೀನು ರಂಗೋಲಿ ಕೆಳಗೆ ತೂರಿದೆ, ಅವರಾದರೂ ದಡ್ಡ ಕಳ್ಳರು, ನೀನು ಓದಿದ ಕಳ್ಳ ಅಂದರು. ಹುಡುಗ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ಅವನ ಕತ್ತಿನ ನರ ಎದ್ದಿತ್ತು. ಅವನಿಗೂ ಕೋಪ ಬಂದಿದೆ ಅಂತ ಮೇಡಂಗೆ ಗೊತ್ತಾದದ್ದು ಅವನು ಬಾಯಿ ತೆರೆದಾಗಲೇ.

"ಪ್ರಯೋಗಕ್ಕೆ ನನ್ನ ಜೊತೆಗಾರ ಎರಡು ವಾರ ಬರಲಿಲ್ಲ ಮೇಡಂ. ನನಗೆ ಕೊಟ್ಟ ವಾಚಿನ ಗುಂಡಿ ಹಿಡ್ಕೊಳ್ತಿತ್ತು. ಎರಡು ಸಲ ಒತ್ತಿದ್ರೆ ಒಂದು ಸಲ ನಿಲ್ತಿತ್ತು. ಬೇರೆ ಕೊಡಿ ಅಂತ ಇಲ್ಲೇ ಬಂದು ಕೇಳ್ದೆ. ಕುಣಿಯಲಾರದವರು ನೆಲ ಡೊಂಕು ಅಂತಾರೆ ಅಂತ ಎಲ್ಲರ ಮುಂದೆ ಅಂದ್ರಿ. ನಿಮ್ಮ ಮನೆ ಹುಡುಗ ಅಂತ ನನಗೆ ಬೈಗುಳ ಒಂದು ಪಟ್ಟು ಜಾಸ್ತಿ." ಅವನ ದನಿ ಒಡೆಯಿತು. "ಆಮೇಲೆ ಮನೆಯಲ್ಲೂ ಕೇಳ್ದೆ. ಕಾಲೇಜು ವಿಷಯ ಕಾಲೇಜಲ್ಲಿ ಅಂತ ನೀನಂದೆ. ಎಲ್ಲಿ ಕೇಳಲಿ ದೊಡ್ಡಮ್ಮ? ನಿಂಗೆ ಬೇಕಾಗಿದ್ದು ಅಳತೆ ಅಲ್ಲ. ಹೋದ ಸಲ ಹಾಳೆ ಹರಿದು ಏನಂದೆ? ಒಂದೇ ಥರ ಇದ್ರೆ ಸುಳ್ಳು ಅಂದೆ. ಅಂದ್ರೆ ಬೇರೆ ಬೇರೆ ಇದ್ರೆ ನಿಜ. ಅದನ್ನೇ ಕೊಟ್ಟೆ. ನೀನೂ ಅಷ್ಟೇ ನೋಡ್ದೆ."

ಅವನು ಪ್ರಯೋಗಾಲಯದಲ್ಲಿ ನಿಂತು ದೊಡ್ಡಮ್ಮ ಅಂದದ್ದು ಅದೇ ಮೊದಲು. ಮೇಡಂಗೆ ಇನ್ನಷ್ಟು ಮೈ ಉರಿಯಿತು. ವಾಚು ಕೆಟ್ಟರೆ ಸುಳ್ಳು ಬರೆಯಬೇಕೇ ಅಂತ ಕೇಳಿದರು. ಬೇಡ ಅಂದ. ಹಾಗಿದ್ದರೆ ಯಾಕೆ ಬರೆದೆ ಅಂದರು. ಶಿಬಿರಕ್ಕೆ ಹೋಗಬೇಕು ಅನ್ನಿಸಿತ್ತು ಅಂದ. ನೆಲ ನೋಡಿಕೊಂಡೇ ಹೇಳಿದ ಆ ಒಂದು ಮಾತು ಮಾತ್ರ ಪೂರ್ತಿ ನಿಜ ಅಂತ ಮೇಡಂಗೆ ಅನ್ನಿಸಿತು.

ಮನೆಗೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದರು. ಮೇಡಂ ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವರು, ಊಟದ ತಟ್ಟೆಯ ಮುಂದೆ ಕೂತರೂ ತಪ್ಪು ಹುಡುಕುವ ಮನುಷ್ಯ. ಆದರೆ ಅವತ್ತು ಇಬ್ಬರ ಮುಖ ನೋಡಿ ಸಾರಿಗೆ ಉಪ್ಪು ಕಮ್ಮಿ ಅನ್ನುವುದನ್ನೂ ನುಂಗಿಕೊಂಡರು. ಹುಡುಗ ಎದ್ದು ಹೋದ ಮೇಲೆ ವಿಷಯ ಕೇಳಿ ತಿಳಿದರು. ನಾವೂ ಹಾಗೇ, ಒಂದು ಪುಟದಲ್ಲಿ ಒತ್ತಕ್ಷರದ ತಪ್ಪನ್ನೇ ಹುಡುಕುತ್ತ ಕೂತರೆ ಇಡೀ ಸಾಲು ಬಿಟ್ಟು ಹೋಗಿದ್ದು ಕಾಣುವುದಿಲ್ಲ ಅಂದರು. ನಿಮ್ಮ ಪುರಾಣ ಬೇಡ ಅಂತ ಮೇಡಂ ಎದ್ದು ಹೋದರು.

ಮರುದಿನ ಮುಖ್ಯಸ್ಥರ ಕೋಣೆಗೆ ಹೋಗಿ, ವರದಿ ವಾಪಸ್ ತರಿಸಬೇಕು, ಅಂಕಿಗಳು ಸುಳ್ಳು ಅಂದರು. ಮುಖ್ಯಸ್ಥರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಕಳಿಸುವ ಗಡುವು ಮುಗಿದಿದೆ, ಈಗ ವಾಪಸ್ ಪಡೆದರೆ ಬೇರೆಯದನ್ನು ಕಳಿಸುವ ಹಾಗಿಲ್ಲ, ಕಾಲೇಜಿನ ಜಾಗವೇ ಹೋಗುತ್ತದೆ ಅಂತ ವಿವರಿಸಿದರು. ಅಲ್ಲಿಯವರು ಅಷ್ಟು ಕೂಲಂಕಷವಾಗಿ ನೋಡುತ್ತಾರೆ ಅಂತ ಏನು ಗ್ಯಾರಂಟಿ, ನಾವೇ ನೋಡಿಲ್ಲವಲ್ಲ ಅಂತ ನಕ್ಕರು. ಹುಡುಗನೂ ನಿಮ್ಮವನೇ, ಬಿಟ್ಟುಬಿಡಿ ಅಂದರು.

"ನಮ್ಮವನು ಅಂತಲೇ ಕೇಳ್ತಿದೀನಿ," ಅಂದರು ಮೇಡಂ. "ನೀವು ಬರೀತೀರೋ, ನಾನೇ ಬರೀಲೋ?"

ಕೊನೆಗೆ ಮೇಡಮ್ಮೇ ಬರೆದರು. ಮುಖ್ಯಸ್ಥರು ಅವತ್ತಿನಿಂದ ಅವರ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಶಿಬಿರದ ಜಾಗ ಕೈತಪ್ಪಿತು. ಗುಬ್ಬಿಯ ವರದಿ ಹೋಗಬೇಕಾಗಿತ್ತು, ಹೋಗಲಿಲ್ಲ. ಆ ಹುಡುಗಿ ಯಾವ ತಪ್ಪೂ ಮಾಡದೆ ಕಳೆದುಕೊಂಡದ್ದು ಮೇಡಂಗೆ ಗಂಟಲಲ್ಲಿ ಸಿಕ್ಕ ಬಿಸಿತುಪ್ಪದ ಹಾಗಾಯಿತು.

ಮುಂದಿನ ಪ್ರಯೋಗದ ದಿನ ಬಂತು. ಮೇಡಂ ತರಗತಿಯ ಮುಂದೆ ನಿಂತು ಸುತ್ತಿ ಬಳಸದೆ ಹೇಳಿದರು. ಮಾದರಿ ಅಂತ ಗೋಡೆಗೆ ಅಂಟಿಸಿದ್ದು ಸುಳ್ಳು ವರದಿ. ಎಣಿಸಲು ಬರುವುದಿಲ್ಲ ಅಂತ ಬೈಸಿಕೊಂಡವಳದೇ ನಿಜವಾದ ವರದಿ. ಒಂದು ಎಣಿಕೆ ತಪ್ಪಿದ್ದನ್ನು ಅವಳು ಮುಚ್ಚಿಡಲಿಲ್ಲ. ಅದು ಸರಿಯಾಗಿ ಒಂದು ತೂಗಾಟದಷ್ಟು ಕಮ್ಮಿ ಇದ್ದದ್ದರಿಂದ ಏನಾಗಿದೆ ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ತಿಳಿದೂ ಬೈದದ್ದು ತನ್ನ ತಪ್ಪು. ಆಮೇಲೆ ಗುಬ್ಬಿಯ ಕಡೆ ತಿರುಗಿ, ಕ್ಷಮಿಸಮ್ಮ ಅಂದರು.

ಗುಬ್ಬಿ ಎದ್ದು ನಿಂತಳು.

"ಬೈದಿದ್ದು ಎಲ್ಲರೂ ಕೇಳಿಸಿಕೊಂಡ್ರು ಮೇಡಂ, ಇದನ್ನೂ ಕೇಳಿಸಿಕೊಂಡ್ರು, ಅದು ಸರಿಹೋಯ್ತು," ಅಂದಳು. ದನಿ ಸಣ್ಣದೇ, ಆದರೆ ನಡುಗುತ್ತಿದ್ದದ್ದು ಹೆದರಿಕೆಯಿಂದಲ್ಲ. "ಶಿಬಿರ ಹೋಯ್ತಲ್ಲ, ಅದನ್ನು ಯಾರು ಸರಿಮಾಡ್ತಾರೆ?"

ಯಾರಿಂದಲೂ ಆಗುವುದಿಲ್ಲ ಅಂತ ಮೇಡಂ ಒಪ್ಪಿಕೊಂಡರು. ಮುಂದಿನ ವರ್ಷ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ.

ಹಳೆಯ ವಾಚುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದರ ಗುಂಡಿಯನ್ನೂ ತಾವೇ ಒತ್ತಿ ನೋಡಿ, ಹಿಡಿದುಕೊಳ್ಳುವುದನ್ನು ಪಕ್ಕಕ್ಕಿಟ್ಟರು. ಅಂಥವು ಕಮ್ಮಿಯೇನೂ ಇರಲಿಲ್ಲ. ಆಮೇಲೆ ಎಲ್ಲರೂ ಮೊದಲಿಂದ ಅಳೆಯಬೇಕು ಅಂದರು. ತಂಗಿಯ ಮಗನ ಜೊತೆಗಾರ ಇವತ್ತೂ ಬಂದಿರಲಿಲ್ಲ. ನೀನು ಇವನ ಜೊತೆ ಸೇರುತ್ತೀಯಾ ಅಂತ ಮೇಡಂ ಗುಬ್ಬಿಯನ್ನು ಕೇಳಿದರು. ಅವಳು ಅವನ ಕಡೆ ನೋಡಲೂ ಇಲ್ಲ. ಬೇಡ ಮೇಡಂ ಅಂದು ತನ್ನ ಮೇಜಿಗೆ ಹೋದಳು.

ಹುಡುಗ ಮೂಲೆಯ ಮೇಜಿನಲ್ಲಿ ಒಬ್ಬನೇ ದಾರದ ಗಂಟು ಬಿಗಿಯುತ್ತಿದ್ದ. ಕಿವಿ ಕೆಂಪಗಾಗಿತ್ತು. ಆ ವಾರವೆಲ್ಲ ಮನೆಯಲ್ಲಿ ಅವನು ದೊಡ್ಡಪ್ಪನ ಮೂಲಕವೇ ಮಾತಾಡಿದ್ದ. ಅವನಿಗೆ ಊಟ ಆಯ್ತಂತಾ ಕೇಳಿ ಅಂತ ಮೇಡಂ ಅಂದರೆ, ಆಯ್ತಂತೆ ಹೇಳು ದೊಡ್ಡಪ್ಪ ಅಂತ ಅವನು, ಹೀಗೆ. ತಾಯಿಗೆ ಫೋನು ಮಾಡಿ ಹಾಸ್ಟೆಲಿಗೆ ಹೋಗುತ್ತೇನೆ ಅಂದಿದ್ದನ್ನೂ ಮೇಡಂ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರು. ಕೋಪ ಅವರಿಗೂ ಇಳಿದಿರಲಿಲ್ಲ. ಅವನು ಮಾಡಿದ್ದು ನೆನೆದರೆ ಈಗಲೂ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು. ಅವನು ಅಂದದ್ದು ನೆನೆದರೆ ತಮ್ಮ ಕೆನ್ನೆಗೇ.

ಹೋಗಿ ಅವನ ಮೇಜಿನ ಆಚೆ ಬದಿಗೆ ನಿಂತರು. "ನಾನು ಎಣಿಸ್ತೀನಿ. ನೀನು ಒತ್ತು."

ಅವನು ಗುಂಡನ್ನು ಒಂಚೂರು ಪಕ್ಕಕ್ಕೆಳೆದು ಬಿಟ್ಟ. ಮೊದಲ ಒಂದೆರಡು ತೂಗಾಟ ಹೋಗಲು ಬಿಟ್ಟು, ಗುಂಡು ಗೆರೆ ದಾಟುವಾಗ ಮೇಡಂ ಸೊನ್ನೆ ಅಂದರು. ಗುಂಡಿ ಕ್ಲಿಕ್ ಅಂದಿತು. ಒಂದು, ಎರಡು, ಮೂರು. ಇಬ್ಬರ ಕಣ್ಣೂ ಗುಂಡಿನ ಮೇಲೆ, ಒಬ್ಬರ ಮುಖ ಇನ್ನೊಬ್ಬರು ನೋಡಬೇಕಾದ ಅಗತ್ಯವಿರಲಿಲ್ಲ. ನಲವತ್ತಕ್ಕೆ ಅವನು ನಿಲ್ಲಿಸಿ ವಾಚು ತಿರುಗಿಸಿದ. ಬರಬೇಕಾದದ್ದಕ್ಕಿಂತ ಕಾಲು ಸೆಕೆಂಡಿಗೂ ಹೆಚ್ಚು ತಪ್ಪಿತ್ತು. ಇಷ್ಟು ಕೆಟ್ಟ ಅಳತೆ ಆ ದಿನ ಯಾರಿಗೂ ಬಂದಿರಲಿಕ್ಕಿಲ್ಲ.

"ನೀವು ಎಣಿಸುವಾಗ ಕೊನೇಲಿ ಆತುರ ಮಾಡಿದ್ರಿ," ಅಂದ.

"ನೀನು ತಡವಾಗಿ ಒತ್ತಿದೆ," ಅಂದರು ಮೇಡಂ. "ಬರಿ."

ಅವನು ಬರೆದ. ಆಮೇಲೆ ಗುಂಡನ್ನು ಮತ್ತೆ ಪಕ್ಕಕ್ಕೆಳೆದ.